ಮೊದಲು ಬಿಡಿ, ಆಮೇಲೆ ತಗೊಳ್ಳಿ

ಉಸಿರು ಮೇಷ್ಟ್ರಿಗೇ ಉಸಿರು ಸಿಕ್ಕಿಕೊಂಡ ಕಥೆ ಇದು. ನಗುವವರು ಈಗಲೇ ನಕ್ಕುಬಿಡಬಹುದು. ಮೇಷ್ಟ್ರು ಬೇಡ ಅನ್ನುವುದಿಲ್ಲ, ಇವತ್ತು ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

ಅವರು ಶಾಲೆಯ ಮೇಷ್ಟ್ರಲ್ಲ, ಒಂದು ದೊಡ್ಡ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಮೂರನೇ ಮಹಡಿಯ ಮೂಲೆಯ ಕೋಣೆಯಲ್ಲಿ ವಾರಕ್ಕೆ ಎರಡು ದಿನ, ಶ್ವಾಸಕೋಶ ಹಾಳಾಗಿ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಹನ್ನೊಂದು ಜನರನ್ನು ಕೂರಿಸಿಕೊಂಡು ಉಸಿರಾಡುವುದನ್ನು ಕಲಿಸುತ್ತಾರೆ. ಹುಟ್ಟಿದ ಕ್ಷಣದಿಂದ ಮಾಡಿಕೊಂಡು ಬಂದ ಕೆಲಸವನ್ನು ಅರವತ್ತನೇ ವಯಸ್ಸಿನಲ್ಲಿ ಇನ್ನೊಬ್ಬರ ಹತ್ತಿರ ಕಲಿಯಬೇಕಲ್ಲ ಎಂದು ಗೊಣಗುತ್ತಲೇ ಬಂದವರು ಈ ಹೆಸರಿಟ್ಟರು. ಮೇಷ್ಟ್ರಿಗೆ ಒಳಗೊಳಗೇ ಖುಷಿಯಾಯಿತು. ಬಾಗಿಲ ಮೇಲೆ ಬರೆಸಿಕೊಳ್ಳದೇ ಇದ್ದುದಷ್ಟೇ ದೊಡ್ಡತನ.

ಅವರ ಪಾಠವೆಲ್ಲ ಒಂದೇ ಸಾಲಿನದ್ದು. "ಮೊದಲು ಬಿಡಿ, ಆಮೇಲೆ ತಗೊಳ್ಳಿ." ಉಸಿರು ಕಟ್ಟಿದವರು ಗಾಬರಿಯಲ್ಲಿ ಒಳಗೆಳೆಯುತ್ತಲೇ ಹೋಗುತ್ತಾರೆ. ಒಳಗೆ ಹಳೆಯ ಗಾಳಿ ತುಂಬಿ ಕೂತಿರುವಾಗ ಹೊಸದಕ್ಕೆ ಜಾಗವೆಲ್ಲಿ? ಅದಕ್ಕೆ, ಮೂಗಿನಿಂದ ಎರಡು ಎಣಿಸುವಷ್ಟು ತಗೊಳ್ಳಿ, ತುಟಿ ಕೂಡಿಸಿ ನಾಲ್ಕು ಎಣಿಸುವಷ್ಟು ಮೆಲ್ಲಗೆ ಬಿಡಿ, ಎದುರಿಗೆ ಮೇಣದಬತ್ತಿ ಇದ್ದರೆ ಜ್ವಾಲೆ ಅಲುಗಾಡಬೇಕು, ಆರಬಾರದು. ಇದನ್ನು ಮೇಷ್ಟ್ರು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದರು. ತಮಗೂ ಒಂದು ದಿನ ಬೇಕಾದೀತು ಎಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಶ್ವಾಸಕೋಶ ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಕೋಣೆಗೆ ಬಂದು ಒಂದು ಪತ್ರ ಕೊಟ್ಟರು. ತಿಂಗಳ ಕೊನೆಗೆ ಈ ಕೋಣೆ ಖಾಲಿ ಮಾಡಬೇಕು, ಇಲ್ಲಿ ಹೊಸ ಸ್ಕ್ಯಾನಿಂಗ್‌ನವರು ಬರುತ್ತಾರೆ ಎಂದು ಆಡಳಿತದವರು ಬರೆದಿದ್ದರು.

"ನಮಗೆ ಬೇರೆ ಕೋಣೆ?" ಎಂದರು ಮೇಷ್ಟ್ರು.

"ಇಲ್ಲ. ಮನೆಯಲ್ಲೇ ಮಾಡ್ಕೊಳ್ಳಲಿ, ಕಾಗದದಲ್ಲಿ ಬರೆದು ಕೊಟ್ಟುಬಿಡಿ ಅಂತಾರೆ."

ಕಾಗದ ಓದಿ ಉಸಿರಾಡಲು ಕಲಿತವರನ್ನು ಮೇಷ್ಟ್ರು ಇನ್ನೂ ಕಂಡಿರಲಿಲ್ಲ. ಆ ಹನ್ನೊಂದು ಜನ ಮನೆಯಲ್ಲಿ ಏನು ಮಾಡುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೂರುತ್ತಾರೆ. ಕೂತು ಕೂತು ಕಾಲು ಸೋಲುತ್ತದೆ, ಕಾಲು ಸೋತವರಿಗೆ ಉಸಿರು ಇನ್ನೂ ಬೇಗ ಕಟ್ಟುತ್ತದೆ, ಕೊನೆಗೆ ಆಂಬುಲೆನ್ಸ್‌ನಲ್ಲಿ ಬರುತ್ತಾರೆ.

"ಒಂದು ದಾರಿ ಇದೆ," ಎಂದರು ಡಾಕ್ಟರಮ್ಮ. "ಮೂರು ವಾರ ಬಿಟ್ಟು ಶ್ವಾಸಕೋಶ ತಜ್ಞರ ಸಮ್ಮೇಳನ. ನಮಗೆ ಹತ್ತು ನಿಮಿಷ ಕೊಟ್ಟಿದಾರೆ. ಆ ಗೋಷ್ಠಿಗೆ ನಮ್ಮ ಡೈರೆಕ್ಟರ್ ಸಾಹೇಬ್ರೇ ಅಧ್ಯಕ್ಷರು, ಮುಂದಿನ ಸಾಲಲ್ಲಿ ಕೂತಿರ್ತಾರೆ. ಪತ್ರ ಬರೆದ್ರೆ ಓದಲ್ಲ, ಎದುರಿಗೆ ಹೇಳಿದ್ರೆ ಕೇಳಲೇಬೇಕು. ನೀವು ಮಾತಾಡಿ."

"ನಾನಾ? ನೀವು ಮಾತಾಡಿ ಮೇಡಂ."

"ಕೆಲಸ ಮಾಡಿದೋರು ನೀವು. ನಾನು ಹೇಳಿದ್ರೆ ಇನ್ನೊಂದು ಡಾಕ್ಟರ್ ಭಾಷಣ ಆಗುತ್ತೆ ಅಷ್ಟೆ. ಆಗುತ್ತೆ ತಾನೇ?"

ಆಗುವುದಿಲ್ಲ ಎನ್ನಲು ಬಾಯಿ ತೆರೆದರೆ ಉಸಿರೇ ಹೊರಡಲಿಲ್ಲ. ಡಾಕ್ಟರಮ್ಮ ಅದನ್ನು ಒಪ್ಪಿಗೆ ಎಂದುಕೊಂಡು ಹೊರಟುಹೋದರು.

ಮೇಷ್ಟ್ರು ಹೀಗೆ ಹೆದರಲು ಕಾರಣವಿತ್ತು. ಕಾಲೇಜಿನ ಕೊನೆಯ ವರ್ಷ ಸೆಮಿನಾರ್‌ನಲ್ಲಿ ಅವರು ಎದ್ದು ನಿಂತು, "ಎಲ್ಲರಿಗೂ ನಮಸ್ಕಾರ" ಎಂದಿದ್ದರು. ಆಮೇಲೆ ಏನು ಹೇಳಬೇಕಿತ್ತೋ ಅದು ತಲೆಯಿಂದ ಪೂರಾ ಹಾರಿಹೋಯಿತು. ಸ್ವಲ್ಪ ಹೊತ್ತು ಗೋಡೆ ನೋಡಿ, "ಎಲ್ಲರಿಗೂ ಧನ್ಯವಾದ" ಎಂದು ಕೂತುಬಿಟ್ಟರು. ಕಾಲೇಜಿನ ಇತಿಹಾಸದಲ್ಲೇ ಇಷ್ಟು ಚುಟುಕಾದ ಸೆಮಿನಾರ್ ಇನ್ನೊಂದಿಲ್ಲ ಎಂದು ಪ್ರೊಫೆಸರರು ಮೆಚ್ಚಿಕೊಂಡರು. ಎರಡು ವರ್ಷ ಗೆಳೆಯರು ಅವರನ್ನು ಕಂಡಾಗಲೆಲ್ಲ ಒಬ್ಬ ನಮಸ್ಕಾರ ಅನ್ನುವುದು, ಇನ್ನೊಬ್ಬ ಧನ್ಯವಾದ ಅನ್ನುವುದು ನಡೆದೇ ಇತ್ತು. ಅವತ್ತಿನಿಂದ ಮೇಷ್ಟ್ರು ಹನ್ನೆರಡು ಜನಕ್ಕಿಂತ ಹೆಚ್ಚಿದ್ದ ಕಡೆ ಬಾಯಿ ತೆರೆದಿದ್ದು ಊಟಕ್ಕೆ ಮಾತ್ರ.

ಮೊದಲ ವಾರ ಅವರು ತುಂಬ ಶ್ರಮಪಟ್ಟರು. ಅಂದರೆ ಮಾತಾಡುವುದೊಂದನ್ನು ಬಿಟ್ಟು ಉಳಿದೆಲ್ಲ ಮಾಡಿದರು. ಕಂಪ್ಯೂಟರ್ ಮುಂದೆ ಕೂತು ಮೂವತ್ತನಾಲ್ಕು ಸ್ಲೈಡ್ ಮಾಡಿದರು. ಅಕ್ಷರದ ಬಣ್ಣ ನೀಲಿಯಿರಲೋ ಹಸಿರಿರಲೋ ಎಂದು ಒಂದು ಇಡೀ ಭಾನುವಾರ ಯೋಚಿಸಿದರು. ಭಾಷಣವನ್ನು ಅಕ್ಷರಕ್ಷರ ಬರೆದು, ಸ್ನಾನ ಮಾಡುವಾಗ ಮನಸ್ಸಿನಲ್ಲೇ ಹೇಳಿಕೊಂಡರು. ಮನಸ್ಸಿನಲ್ಲಿ ಅದು ಅದ್ಭುತವಾಗಿ ಬರುತ್ತಿತ್ತು. ಕೊನೆಯಲ್ಲಿ ಚಪ್ಪಾಳೆಯೂ ಬೀಳುತ್ತಿತ್ತು.

ಅವರ ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವರು, ನಿಜವಾದ ಟೀಚರ್. ದಿನಕ್ಕೆ ಐದು ತರಗತಿ, ಒಂದೊಂದರಲ್ಲೂ ನಲವತ್ತು ಮಕ್ಕಳು. ಮಾತಾಡುವುದಕ್ಕೆ ಯಾರಾದರೂ ಹೆದರುತ್ತಾರೆ ಎಂಬುದೇ ಅವರಿಗೆ ತಮಾಷೆ.

"ಎಲ್ಲಿ, ಒಂದ್ಸಲ ಹೇಳಿ ನೋಡೋಣ," ಎಂದರು ಶನಿವಾರ ಸಂಜೆ, ಸೋಫಾದ ಮೇಲೆ ಕಾಲು ಮಡಿಸಿ ಕೂತು.

"ಮನಸ್ಸಲ್ಲಿ ಹೇಳ್ಕೊಂಡಿದೀನಿ."

"ಮನಸ್ಸಲ್ಲಿ ನಾನು ವಿಮಾನಾನೇ ಓಡಿಸ್ತೀನಿ. ಎದ್ದು ನಿಂತು ಬಾಯಿಬಿಟ್ಟು ಹೇಳಿ."

ಮೇಷ್ಟ್ರು ಎದ್ದು ನಿಂತರು. ಕೂಡಲೇ ಎದೆ ಢವಢವ ಎಂದಿತು. ಎದುರಿಗಿರುವುದು ಹದಿನೈದು ವರ್ಷದಿಂದ ಜೊತೆಗಿರುವ ಹೆಂಡತಿ, ನಾಲಿಗೆ ಮಾತ್ರ ಒಣಗಿ ಅಂಗುಳಿಗೆ ಅಂಟಿಕೊಂಡಿದೆ.

"ಗಾಬರಿ ಆಗ್ಬೇಡಿ ರೀ, ದೀರ್ಘವಾಗಿ ಉಸಿರು ತಗೊಳ್ಳಿ," ಎಂದರು ಹೆಂಡತಿ, ಲೋಕದಲ್ಲಿ ಎಲ್ಲರೂ ಹೇಳುವ ಹಾಗೆ.

ತಗೊಂಡರು. ಇನ್ನೊಂದು ತಗೊಂಡರು. ಸಾಲಲಿಲ್ಲವೆಂದು ಎದೆಯುಬ್ಬಿಸಿ ಮತ್ತೆ ಏಳೆಂಟು ತಗೊಂಡರು. ಬೆರಳ ತುದಿ ಜುಮುಗುಟ್ಟತೊಡಗಿತು, ತುಟಿಯ ಸುತ್ತ ಮರಗಟ್ಟಿತು, ತಲೆ ಗಿರ್ರೆಂದಿತು. ಸೋಫಾದ ಅಂಚು ಹಿಡಿದು ಕುಸಿದು ಕೂತು, "ಹಾರ್ಟ್ ಅಟ್ಯಾಕ್ ಇರಬೇಕು ಕಣೇ," ಎಂದರು.

ಹೀಗೆ ಬಡಬಡನೆ ಉಸಿರೆಳೆದು ಬಿಟ್ಟರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಕಡಿಮೆಯಾಗಿ ಬೆರಳು ಜುಮುಗುಟ್ಟುತ್ತದೆ, ತಲೆ ತಿರುಗುತ್ತದೆ ಎಂಬುದನ್ನು ಮೇಷ್ಟ್ರು ಅದೇ ವಾರ ಒಬ್ಬ ರೋಗಿಗೆ ಚಿತ್ರ ಬರೆದು ವಿವರಿಸಿದ್ದರು. ಆ ಚಿತ್ರ ಮೂವತ್ತನಾಲ್ಕರಲ್ಲಿ ಹತ್ತೊಂಬತ್ತನೆಯ ಸ್ಲೈಡ್ ಕೂಡ ಆಗಿತ್ತು. ತಮ್ಮದೇ ಸ್ಲೈಡಿನ ಮೇಲೆ ತಾವೇ ಮೂರ್ಛೆ ಹೋಗುವುದೊಂದು ಬಾಕಿ.

ಸೋಮವಾರ ಕೋಣೆಯಲ್ಲಿ ಕ್ಲಾಸು. ಹನ್ನೊಂದು ಜನ ಕುರ್ಚಿ ಹಾಕಿಕೊಂಡು ಸುತ್ತ ಕೂತಿದ್ದರು. ಅವರಲ್ಲಿ ಬಾಗಿಲ ಬಳಿಯ ಕುರ್ಚಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್‌ದು. ಮೂವತ್ತೆರಡು ವರ್ಷ ಡೀಸೆಲ್ ಹೊಗೆ, ಅದರ ಮೇಲೆ ಬೀಡಿ ಹೊಗೆ. ಕೊನೆಕೊನೆಗೆ ಸ್ಟಾಪಿನ ಹೆಸರು ಕೂಗಲು ಉಸಿರು ಸಾಲದೆ, ಬಸ್ಸಿನ ತಗಡು ಬಡಿದು ಡ್ರೈವರ್‌ಗೆ ಸನ್ನೆ ಮಾಡುತ್ತಿದ್ದರಂತೆ. ಅವಧಿಗೆ ಮುಂಚೆಯೇ ಕೆಲಸ ಬಿಟ್ಟು ಬಂದಿದ್ದರು. ಉಸಿರು ಮೊಟಕಾದರೂ ಕಣ್ಣು ಚುರುಕಾಗಿಯೇ ಇತ್ತು.

"ಮೇಷ್ಟ್ರೇ," ಎಂದರು ಕಂಡಕ್ಟರು, ಎರಡು ಪದಕ್ಕೊಂದು ಸಲ ನಿಲ್ಲುತ್ತ. "ನಿಮ್ಮ ಭುಜ... ಕಿವಿ ಹತ್ರ ಹೋಗಿದೆ. ಇಳಿಸಿ. ನಮಗೆ ದಿನಾ... ಬೈತೀರಲ್ಲ."

ಹತ್ತು ಜೊತೆ ಕಣ್ಣು ಮೇಷ್ಟ್ರ ಭುಜದ ಮೇಲೆ ಬಿದ್ದವು. ಮುಚ್ಚಿಟ್ಟುಕೊಳ್ಳಲು ಇನ್ನೇನೂ ಉಳಿಯಲಿಲ್ಲ. ಪತ್ರ, ಕೋಣೆ, ಸಮ್ಮೇಳನ, ನಮಸ್ಕಾರ, ಧನ್ಯವಾದ, ಸೋಫಾ ಎಲ್ಲವನ್ನೂ ಹೇಳಿಬಿಟ್ಟರು. ಕೋಣೆ ಹೋಗುತ್ತದೆ ಎಂದಾಗ ಎಲ್ಲರೂ ತಾವು ಕೂತ ಕುರ್ಚಿ ನೋಡಿಕೊಂಡರು. ಸೋಫಾದ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ನಕ್ಕರು. ನಕ್ಕು ಕೆಮ್ಮಿದರು, ಕೆಮ್ಮಿ ಸುಧಾರಿಸಿಕೊಳ್ಳಲು ಐದು ನಿಮಿಷ ಬೇಕಾಯಿತು.

"ನಮಗೆ ಹೇಳೋದೇನು... ನೀವು ಮಾಡಿದ್ದೇನು?" ಎಂದರು ಕಂಡಕ್ಟರು. "ಮೊದಲು ಬಿಡಿ."

ಮೇಷ್ಟ್ರಿಗೆ ಮೈಯೆಲ್ಲ ನಾಚಿಕೆಯಾಯಿತು. ತುಟಿ ಕೂಡಿಸಿದರು, ಮೆಲ್ಲಗೆ ಬಿಟ್ಟರು. ಇನ್ನು ಬಿಡಲು ಏನೂ ಇಲ್ಲ ಅನ್ನಿಸುವ ತನಕ ಬಿಟ್ಟರು. ಆಮೇಲೆ ಉಸಿರು ತಾನಾಗಿಯೇ ಒಳಗೆ ಬಂತು. ಹೀಗೆ ಎರಡು ನಿಮಿಷ ಮಾಡಿದ ಮೇಲೆ ಎದೆಬಡಿತ ಪೂರ್ತಿ ಅಡಗಲಿಲ್ಲವಾದರೂ ಓಡುತ್ತಿದ್ದದ್ದು ನಡಿಗೆಗೆ ಇಳಿಯಿತು. ಛೆ, ಇದು ಕೆಲಸ ಮಾಡುತ್ತದಲ್ಲ ಎಂದು ಹದಿನಾಲ್ಕು ವರ್ಷದ ಮೇಲೆ ಅವರಿಗೆ ಆಶ್ಚರ್ಯವಾಯಿತು.

ಕ್ಲಾಸು ಮುಗಿದು ಎಲ್ಲರೂ ಹೋದರೂ ಕಂಡಕ್ಟರು ಕೂತೇ ಇದ್ದರು. "ಹೇಳಿ, ಕೇಳ್ತೀನಿ," ಎಂದರು.

ಮೇಷ್ಟ್ರು ಬರೆದದ್ದನ್ನು ಬಾಯಿಪಾಠ ಒಪ್ಪಿಸಿದರು. ಮೂರನೇ ಪುಟದಲ್ಲಿ ಒಂದು ಪದ ತಪ್ಪಿತು. ಅದರ ಹಿಂದೆ ಇಡೀ ಪುಟ ಮರೆತುಹೋಯಿತು.

"ಇದೇ ತಪ್ಪು," ಎಂದರು ಕಂಡಕ್ಟರು. "ನಾನು ದಾರಿಯಲ್ಲಿರೋ ಮರ, ಅಂಗಡಿ, ಗುಂಡಿ ಎಲ್ಲಾ... ಬಾಯಿಪಾಠ ಮಾಡ್ತಿದ್ನಾ? ಸ್ಟಾಪು ಗೊತ್ತಿದ್ರೆ ಸಾಕು. ನಡುವೆ ಟ್ರಾಫಿಕ್ ಸಿಕ್ಕಿದ್ರೂ... ಮುಂದಿನ ಸ್ಟಾಪಿಗೆ ಬಸ್ ಹೋಗೇ ಹೋಗುತ್ತೆ. ನಿಮ್ಮ ಸ್ಟಾಪ್ ಎಷ್ಟು?"

"ಮೂವತ್ತನಾಲ್ಕು."

"ಅಯ್ಯೋ ಶಿವನೇ! ಹತ್ತು ನಿಮಿಷಕ್ಕೆ?"

ಇಬ್ಬರೂ ಕೂತು ಕಡಿದರು. ಬಣ್ಣ ಹುಡುಕಿದ ಸ್ಲೈಡುಗಳು ಹೋಗುವಾಗ ಮೇಷ್ಟ್ರಿಗೆ ಕರುಳು ಚುರುಕ್ಕೆಂದಿತು, ಆದರೂ ಬಿಟ್ಟರು. ಉಳಿದದ್ದು ಐದು ಸ್ಟಾಪು. ನಾಲ್ಕು ಮೆಟ್ಟಿಲು ಹತ್ತಲಾಗದೆ ಬಂದ ಒಬ್ಬ ಮನುಷ್ಯ. ಆ ಕೋಣೆಯಲ್ಲಿ ನಾವು ಮಾಡುವುದು. ಎಂಟು ವಾರದಲ್ಲಿ ಆದ ವ್ಯತ್ಯಾಸ. ನಮ್ಮಿಂದ ಆಗದೇ ಇರುವುದು. ನಾವು ಕೇಳುವುದು. ಸ್ಟಾಪಿಗೊಂದು ಸ್ಲೈಡು. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ ಮಾತ್ರ ಬಾಯಿಪಾಠ, ಯಾಕೆಂದರೆ ಭಯ ಹೆಚ್ಚಾಗಿ ಕಾಡುವುದು ಮೊದಲ ನಿಮಿಷದಲ್ಲಿ. ಗಾಡಿ ಹೊರಟ ಮೇಲೆ ನಡುವಿನದನ್ನು ರೋಗಿಯ ಮನೆಯವರಿಗೆ ಹೇಳುವ ಹಾಗೆ ಹೇಳಿಕೊಂಡು ಹೋಗುವುದು.

"ಒಂದೊಂದು ಸ್ಟಾಪ್ ಮುಗಿದಾಗ ನಿಲ್ಲಿಸಿ, ಉಸಿರು ಬಿಡಿ," ಎಂದರು ಕಂಡಕ್ಟರು. "ನಾನು ರೈಟ್ ಅಂತೀನಿ. ಆಮೇಲೆ ಹೊರಡಿ."

ಹೀಗೆ ಶುರುವಾಯಿತು. ಕ್ಲಾಸು ಮುಗಿದ ಮೇಲೆ ಕೋಣೆಯಲ್ಲಿ ಒಂದು ಸಲ, ಸಂಜೆ ಮನೆಯಲ್ಲಿ ಒಂದು ಸಲ. ಮನೆಯಲ್ಲಿ ಹೆಂಡತಿ ಕಟ್ಟುನಿಟ್ಟು. ಅವತ್ತು ಹಾಕಿಕೊಳ್ಳುವ ಶೂ ಹಾಕಿಕೊಂಡೇ ನಿಲ್ಲಬೇಕು, ಕೈಯಲ್ಲಿ ಟಿವಿ ರಿಮೋಟ್ ಹಿಡಿದು ಸ್ಲೈಡ್ ಬದಲಿಸಿದ ಹಾಗೆ ಒತ್ತಬೇಕು, ಗಡಿಯಾರ ನೋಡಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರು. "ಅಂದರೆ" ಎಂಬ ಪದವನ್ನು ಮೇಷ್ಟ್ರು ಇಪ್ಪತ್ತಾರು ಸಲ ಹೇಳಿದ್ದರು.

"ಇದು ನನ್ನ ದನಿನಾ?" ಎಂದರು ಮೇಷ್ಟ್ರು, ನಂಬಲಾಗದೆ.

"ಹದಿನೈದು ವರ್ಷದಿಂದ ನಾನು ಕೇಳ್ತಿರೋದು ಇದನ್ನೇ," ಎಂದರು ಹೆಂಡತಿ. "ಅಂದರೆ ಅನ್ನೋ ಕಡೆ ಸುಮ್ನಿರಿ. ಸುಮ್ಮನಿದ್ರೆ ಯಾರೂ ಬೈಯಲ್ಲ."

ಎಂಟನೇ ಸಲಕ್ಕೆ ಹನ್ನೆರಡು ನಿಮಿಷಕ್ಕೆ ಇಳಿಯಿತು, ಹದಿಮೂರನೇ ಸಲಕ್ಕೆ ಒಂಬತ್ತೂವರೆ. ಕೊನೆಯ ವಾರ ಹನ್ನೊಂದು ಜನರನ್ನೂ ಸಾಲಾಗಿ ಕೂರಿಸಿ ಅವರೆದುರು ಹೇಳಿದರು. ಒಬ್ಬರು ತೂಕಡಿಸಿದರು, ಒಬ್ಬರು ಫೋನ್ ನೋಡಿದರು. ಸಮ್ಮೇಳನದಲ್ಲೂ ಇದೇ ಇರುತ್ತದೆ, ಅಭ್ಯಾಸ ಆಗಲಿ ಎಂದು ಹೆಂಡತಿಯೇ ಹಾಗೆ ಮಾಡಲು ಹೇಳಿಸಿದ್ದು ಎಂದು ಆಮೇಲೆ ಗೊತ್ತಾಯಿತು.

ನಡುವೆ ಇನ್ನೊಂದು ನಡೆದಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಮೊದಲ ದಿನ ಕಂಡಕ್ಟರು "ರೈಟ್" ಅಂದಾಗ ಅದು ಪಕ್ಕದ ಕುರ್ಚಿಗೆ ಮಾತ್ರ ಕೇಳುವಂತಿತ್ತು. ಕ್ಲಾಸಿದ್ದ ದಿನವೆಲ್ಲ ಐದು ಸಲ, ತುಟಿ ಕೂಡಿಸಿ ಉಸಿರು ಬಿಟ್ಟು, ಮತ್ತೆ ತುಂಬಿಕೊಂಡು ಹೇಳುತ್ತ ಬಂದರು. ಕೊನೆಯ ಶುಕ್ರವಾರ ಐದನೇ ಸ್ಟಾಪಿಗೆ "ರೈಟ್!" ಎಂದಾಗ ಹೊರಗಿನ ಕಾರಿಡಾರಿನಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಿದ್ದ ನರ್ಸ್ ನಿಂತುಬಿಟ್ಟರು. ಕಂಡಕ್ಟರಿಗೇ ತಮ್ಮ ದನಿ ಕೇಳಿ ಗಾಬರಿಯಾಯಿತು. ಕಣ್ಣು ಒರೆಸಿಕೊಂಡು, "ಧೂಳು," ಎಂದರು.

"ನೀವೂ ಬನ್ನಿ ಯಜಮಾನ್ರೇ, ಸಮ್ಮೇಳನಕ್ಕೆ."

"ಡಾಕ್ಟರುಗಳ ಬಸ್ಸು ಅದು. ನನಗಲ್ಲಿ ಟಿಕೆಟ್ ಇಲ್ಲ."

ಆ ದಿನ ಬಂದೇಬಿಟ್ಟಿತು. ಮೇಷ್ಟ್ರು ಒಂದು ಗಂಟೆ ಮುಂಚೆ ಹೋಗಿ ಖಾಲಿ ಸಭಾಂಗಣ ನೋಡಿದರು. ವೇದಿಕೆ ಹತ್ತಿ ಇಳಿದರು. ಮೈಕು ಹಿಡಿದು "ಹಲೋ" ಎಂದರು. ಎಂಟು ಮೆಟ್ಟಿಲಿದೆ, ನೀರಿನ ಲೋಟ ಎಡಗಡೆ ಇದೆ ಎಂದು ನೋಡಿಟ್ಟುಕೊಂಡರು. ಖಾಲಿ ಕುರ್ಚಿಗಳ ಎದುರು ಅವರಿಗೆ ಒಂದಿಷ್ಟೂ ಭಯವಾಗಲಿಲ್ಲ. ಆದರೆ ಕುರ್ಚಿ ತುಂಬುತ್ತ ಬಂದ ಹಾಗೆ ಒಂದೊಂದೇ ತಲೆ ಎಣಿಸತೊಡಗಿದರು. ಇನ್ನೂರು ಜನ. ಮುಂದಿನ ಸಾಲಿನ ನಡುವೆ ಡೈರೆಕ್ಟರ್ ಸಾಹೇಬ್ರು, ಅಗಲ ಮುಖ, ಅದಕ್ಕಿಂತ ಅಗಲ ಹೊಟ್ಟೆ, ಕೈಯಲ್ಲಿ ಕಾರ್ಯಕ್ರಮದ ಪಟ್ಟಿ. ಪಕ್ಕದಲ್ಲಿ ಡಾಕ್ಟರಮ್ಮ. ಮೇಷ್ಟ್ರ ಹಿಂದಿನ ಭಾಷಣಕಾರರು ಹತ್ತು ನಿಮಿಷಕ್ಕೆ ಬದಲು ಹತ್ತೊಂಬತ್ತು ನಿಮಿಷ ತಗೊಂಡರು. ಆ ಒಂಬತ್ತು ನಿಮಿಷ ಮೇಷ್ಟ್ರು ಕಾರಿಡಾರಿನಲ್ಲಿ ಗೋಡೆಗೆ ಒರಗಿ, ಭುಜ ಇಳಿಸಿ, ಎರಡಕ್ಕೆ ತಗೊಂಡು ನಾಲ್ಕಕ್ಕೆ ಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ, "ಸಾರ್, ಸಿಗರೇಟ್ ಬಿಡಕ್ಕೆ ಟ್ರೈ ಮಾಡ್ತಿದೀರಾ?" ಎಂದು ಕನಿಕರದಿಂದ ಕೇಳಿದ.

ಹೆಸರು ಕರೆದರು. ಎಂಟು ಮೆಟ್ಟಿಲು. ಬಾಯಿಪಾಠದ ಎರಡು ವಾಕ್ಯ ಸರಿಯಾಗಿ ಹೊರಬಂದವು.

"ಎಂಟು ತಿಂಗಳ ಹಿಂದೆ ನಮ್ಮ ಆಸ್ಪತ್ರೆಗೆ ಒಬ್ಬರು ಬಂದರು, ತಮ್ಮ ಹೆಸರು ಹೇಳಲು ಅವರಿಗೆ ಮೂರು ಉಸಿರು ಬೇಕಾಯಿತು. ಅವರು ಮೂವತ್ತೆರಡು ವರ್ಷ ಊರಿಗೆಲ್ಲ ಕೇಳುವ ಹಾಗೆ ಕೂಗಿದವರು."

ಫೋನ್ ನೋಡುತ್ತಿದ್ದ ಒಂದಿಬ್ಬರು ತಲೆಯೆತ್ತಿದರು. ಮೇಷ್ಟ್ರಿಗೆ ಧೈರ್ಯ ಬಂತು. ಆ ಮನುಷ್ಯ ಮೆಟ್ಟಿಲು ಹತ್ತಿದ್ದು, ಕೂತದ್ದು, ಮನೆಯವರು ಹೆದರಿದ್ದು ಎಲ್ಲ ಹೇಳಿದರು. ಒಂದನೇ ಸ್ಟಾಪು ಮುಗಿಯಿತು. ಮೇಷ್ಟ್ರು ನಿಂತರು, ಉಸಿರು ಬಿಟ್ಟರು, ಸಭೆಯನ್ನು ಪ್ರಸನ್ನವಾಗಿ ನೋಡುತ್ತ ಕಾದರು.

ಕಾದರು. ಸಭೆಯೂ ಕಾಯಿತು.

ಐದು ಸೆಕೆಂಡಾದ ಮೇಲೆ ಅವರಿಗೆ ಹೊಳೆಯಿತು. ಅವರು "ರೈಟ್"ಗಾಗಿ ಕಾಯುತ್ತಿದ್ದರು! ಇಪ್ಪತ್ತು ಸಲ ಅಭ್ಯಾಸ ಮಾಡಿದ್ದರಲ್ಲ, ಬೇರೆಯವರು ಹೇಳದೆ ಬಸ್ಸು ಹೊರಡಿಸುವುದೊಂದನ್ನು ಅಭ್ಯಾಸ ಮಾಡಿರಲಿಲ್ಲ. ಮನೆಯಲ್ಲಿ ಹೆಂಡತಿ ಕೂಡ ತಪ್ಪದೆ ರೈಟ್ ಅನ್ನುತ್ತಿದ್ದರು. ಎರಡನೇ ಸ್ಟಾಪು ಯಾವುದು? ಕೋಣೆಯಾ, ಅಂಕಿಯಾ? ತಲೆಯಲ್ಲಿ ಏನೂ ಇಲ್ಲ. ಬರೀ ಒಂದು ಗೋಡೆ, ಅದೇ ಕಾಲೇಜಿನ ಗೋಡೆ. ನಾಲಿಗೆಯ ತುದಿಗೆ "ಎಲ್ಲರಿಗೂ ಧನ್ಯವಾದ" ಬಂದು ಕೂತಿತ್ತು, ತುಟಿ ತೆರೆದರೆ ಹಾರಿಬಿಡುತ್ತಿತ್ತು. ಡೈರೆಕ್ಟರ್ ಸಾಹೇಬ್ರು ಗಡಿಯಾರ ನೋಡಿಕೊಂಡರು.

ಮೇಷ್ಟ್ರು ಗಾಬರಿಯಲ್ಲಿ ಒಂದು ದೊಡ್ಡ ಉಸಿರು ಎಳೆದುಕೊಂಡರು. ಮೈಕು ಅದನ್ನು ಎತ್ತಿಕೊಂಡು ಪಂಕ್ಚರ್ ಅಂಗಡಿಯ ಸದ್ದಿನಂತೆ ಇನ್ನೂರು ಜನಕ್ಕೆ ಕೇಳಿಸಿತು. ಆ ಸದ್ದಿಗೇ ಅವರಿಗೆ ಎಚ್ಚರವಾಯಿತು. ಥೂ ನನ್ನ, ಮೊದಲು ಬಿಡಬೇಕಲ್ಲ! ತುಟಿ ಕೂಡಿಸಿ ಬಿಟ್ಟರು. ಒಂದು, ಎರಡು, ಮೂರು, ನಾಲ್ಕು. ಅದೂ ಸ್ಪೀಕರಿನಲ್ಲಿ ಕೊನೆಯ ತನಕ ಕೇಳಿಸಿತು. ಭುಜ ಇಳಿಯಿತು. ಇನ್ನೇನು ಮಾನ ಉಳಿದಿದೆ ಎಂದುಕೊಂಡು ತಮ್ಮಷ್ಟಕ್ಕೆ ತಾವೇ, ಸ್ಪಷ್ಟವಾಗಿ ಹೇಳಿದರು.

"ರೈಟ್."

ಎಲ್ಲೋ ಒಬ್ಬರು ನಕ್ಕರು. ಹಲವರು ಮುಖ ಮುಖ ನೋಡಿಕೊಂಡರು.

"ಕ್ಷಮಿಸಿ," ಎಂದರು ಮೇಷ್ಟ್ರು. ಇದು ಸ್ಲೈಡಿನಲ್ಲಿ ಇರಲಿಲ್ಲ, ಯಾವ ಸ್ಟಾಪಿನಲ್ಲೂ ಇರಲಿಲ್ಲ. "ನನಗೆ ನಿಮ್ಮನ್ನು ನೋಡಿ ಉಸಿರು ಕಟ್ಟಿತು. ನಾನು ಉಸಿರಾಟ ಕಲಿಸುವವನು, ನಾಚಿಕೆಯಾಗಬೇಕು, ಆಗಿದೆ. ಈಗ ನಾನು ಮಾಡಿದ್ದನ್ನೇ ಆ ಕೋಣೆಯಲ್ಲಿ ನಾವು ಮಾಡುವುದು. ನನಗೆ ಇದನ್ನು ಮತ್ತೆ ಕಲಿಸಿದವರು ನಾನೀಗ ಹೇಳಿದ ಆ ಮನುಷ್ಯನೇ. ಅವರು ಬಸ್ ಕಂಡಕ್ಟರ್. ಎರಡು ವಾರದಿಂದ ನನ್ನ ಎದುರು ಕೂತು, ಒಂದೊಂದು ಭಾಗ ಮುಗಿದಾಗ ರೈಟ್ ಹೇಳಿ ಕಳಿಸುತ್ತಿದ್ದರು. ಮೊದಲ ದಿನ ಅವರ ರೈಟ್ ಪಕ್ಕದವರಿಗೆ ಮಾತ್ರ ಕೇಳಿಸಿತು. ನಿನ್ನೆ ಶುಕ್ರವಾರ ಕಾರಿಡಾರಿಗೆ ಕೇಳಿಸಿತು."

ಹೇಳುತ್ತಿದ್ದ ಹಾಗೇ ಮೇಷ್ಟ್ರಿಗೆ ಅದು ಮೊದಲ ಸಲ ಅರ್ಥವಾಯಿತು. ನೀರಿನ ಲೋಟ ಎಡಗಡೆ ಇತ್ತು. ಒಂದು ಗುಟುಕು ಕುಡಿದರು.

ಆಮೇಲೆ ಬಸ್ಸು ಎಲ್ಲೂ ನಿಲ್ಲಲಿಲ್ಲ, ನಿಲ್ಲಬೇಕಾದ ಕಡೆ ಬಿಟ್ಟು. ಮೂರನೇ ಸ್ಟಾಪಿನಲ್ಲಿ ಅಂಕಿ ಹೇಳಿದರು. ಆರು ನಿಮಿಷದಲ್ಲಿ ನಡೆಯುವ ದೂರ ಎಂಟು ವಾರದಲ್ಲಿ ಸರಾಸರಿ ನಲವತ್ತೆಂಟು ಮೀಟರ್ ಹೆಚ್ಚಾಗಿದೆ, ಮನೆಯಿಂದ ಅಂಗಡಿಗೆ ಹೋಗಿಬರಲಾಗದವರು ಹೋಗಿಬರುತ್ತಿದ್ದಾರೆ. ನಾಲ್ಕನೇ ಸ್ಟಾಪಿನಲ್ಲಿ ಹನ್ನೊಂದು ಜನರಲ್ಲಿ ಇಬ್ಬರಿಗೆ ಏನೂ ಪ್ರಯೋಜನವಾಗಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅದು ಮುಗಿದು ಅವರು ನಿಂತಾಗ ಮುಂದಿನ ಸಾಲಿನಿಂದ ಡಾಕ್ಟರಮ್ಮ ಮೆಲ್ಲಗೆ "ರೈಟ್" ಎಂದರು. ಸಭೆಯೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಕೊನೆಯ ವಾಕ್ಯ ಬಾಯಿಪಾಠವಿತ್ತು.

"ಕೆಟ್ಟ ಶ್ವಾಸಕೋಶವನ್ನು ನಾವು ಹೊಸದು ಮಾಡಲಾರೆವು, ಉಳಿದದ್ದರಲ್ಲಿ ಬದುಕುವುದನ್ನು ಕಲಿಸಬಲ್ಲೆವು. ಅದಕ್ಕೆ ನಮಗೆ ಬೇಕಾದದ್ದು ಹನ್ನೊಂದು ಕುರ್ಚಿ ಹಿಡಿಸುವ ಒಂದು ಕೋಣೆ, ಅದು ಈ ತಿಂಗಳ ಕೊನೆಗೆ ಇರುವುದಿಲ್ಲ."

ಚಪ್ಪಾಳೆ ಬಿತ್ತು. ಸ್ನಾನದ ಮನೆಯಲ್ಲಿ ಬೀಳುತ್ತಿದ್ದಷ್ಟಲ್ಲ, ಆದರೂ ಬಿತ್ತು. ಡೈರೆಕ್ಟರ್ ಸಾಹೇಬ್ರು ಚಪ್ಪಾಳೆ ತಟ್ಟಲಿಲ್ಲ. ಮೈಕು ತಗೊಂಡು ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ಕೋಣೆ ಮೂರನೇ ಮಹಡಿಯಲ್ಲಲ್ವಾ? ಲಿಫ್ಟು ಸ್ಟ್ರೆಚರಿಗೇ ಸಾಲಲ್ಲ. ಉಸಿರಿಲ್ಲದವರು ಹತ್ತೋದು ಹೇಗೆ?"

"ನಾಲ್ಕು ಮೆಟ್ಟಿಲು ಹತ್ತೋದು, ನಿಲ್ಲೋದು, ಬಿಡೋದು ಸರ್. ಅದೇ ಮೊದಲನೇ ಪಾಠ."

"ಸೋಮವಾರ ಬಂದು ನೋಡ್ತೀನಿ," ಎಂದರು ಸಾಹೇಬ್ರು. ಅದು ಬೆದರಿಕೆಯೋ ಭರವಸೆಯೋ ಮೇಷ್ಟ್ರಿಗೆ ತಿಳಿಯಲಿಲ್ಲ. ಭಾನುವಾರವಿಡೀ ಹೆಂಡತಿಯನ್ನು ಕೇಳಿ ಕೇಳಿ ತಲೆ ತಿಂದರು.

ಸೋಮವಾರ ಹನ್ನೊಂದು ಜನರೂ ಗಂಟೆಗೆ ಮುಂಚೆ ಬಂದು ಕೂತಿದ್ದರು. ಕಂಡಕ್ಟರು ಇಸ್ತ್ರಿ ಮಾಡಿದ ಶರಟು ಹಾಕಿದ್ದರು. ಹತ್ತೂಕಾಲಿಗೆ ಹೊರಗೆ ಹೆಜ್ಜೆಯ ಸದ್ದಾಯಿತು, ನಡುವೆ ನಿಂತಿತು, ಮತ್ತೆ ಶುರುವಾಯಿತು. ಡೈರೆಕ್ಟರ್ ಸಾಹೇಬ್ರು ಬಾಗಿಲ ಚೌಕಟ್ಟು ಹಿಡಿದು ಕಾಣಿಸಿಕೊಂಡರು. ಲಿಫ್ಟಿನಲ್ಲಿ ಸ್ಟ್ರೆಚರ್ ಇದ್ದುದರಿಂದ ಮೂರು ಮಹಡಿ ಹತ್ತಿಕೊಂಡು ಬಂದಿದ್ದರು. ಮುಖ ಕೆಂಪಾಗಿತ್ತು, ಭುಜ ಕಿವಿಯ ಹತ್ತಿರ ಹೋಗಿತ್ತು.

"ಈ ಕೋಣೆ..." ಎಂದರು. ಮುಂದಕ್ಕೆ ಬರಲಿಲ್ಲ. "ನಾನು... ಈ..." ದೊಡ್ಡ ದೊಡ್ಡ ಉಸಿರು ಎಳೆದುಕೊಂಡರು.

ಮೇಷ್ಟ್ರು ಏಳುವಷ್ಟರಲ್ಲಿ ಕಂಡಕ್ಟರು ಎದ್ದು ತಮ್ಮ ಕುರ್ಚಿಯನ್ನೇ ಸಾಹೇಬ್ರ ಹಿಂದಕ್ಕೆ ತಳ್ಳಿಯಾಗಿತ್ತು.

"ಕೂತ್ಕೊಳ್ಳಿ ಸಾಹೇಬ್ರೇ. ಮಾತು ಆಮೇಲೆ ಆಡಬಹುದು. ಭುಜ ಇಳಿಸಿ. ತುಟಿ ಹೀಗೆ ಮಾಡಿ. ಮೊದಲು ಬಿಡಿ, ಆಮೇಲೆ ತಗೊಳ್ಳಿ."

ಡೈರೆಕ್ಟರ್ ಸಾಹೇಬ್ರು ಬಾಯಿ ಮುಚ್ಚಿಕೊಂಡು ಹೇಳಿದ ಹಾಗೆ ಕೇಳಿದರು. ನಾಲ್ಕರ ತನಕ ಕಂಡಕ್ಟರು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ತಾವೇ ಉಸಿರು ಬಿಗಿಹಿಡಿದು ನಿಂತಿರುವುದು ಮೇಷ್ಟ್ರಿಗೆ ಆಗ ಗೊತ್ತಾಯಿತು. ಎರಡು ನಿಮಿಷದಲ್ಲಿ ಸಾಹೇಬ್ರ ಮುಖದ ಬಣ್ಣ ಇಳಿಯಿತು. ಅವರು ಕಂಡಕ್ಟರ ಕಡೆ ನೋಡಿದರು, ಈಗ ಮಾತಾಡಬಹುದೇ ಎಂದು ಕೇಳುವ ಹಾಗೆ.

"ರೈಟ್!" ಎಂದರು ಕಂಡಕ್ಟರು. ಕಾರಿಡಾರಿನ ಕೊನೆಯ ತನಕ ಕೇಳಿಸಿತು.

"ಸ್ಕ್ಯಾನಿಂಗ್‌ನವರಿಗೆ ಬೇರೆ ಕಡೆ ನೋಡ್ತೀನಿ," ಎಂದರು ಡೈರೆಕ್ಟರ್ ಸಾಹೇಬ್ರು, ಒಂದೇ ಉಸಿರಿನಲ್ಲಿ. ಆಮೇಲೆ ಕೂತಿದ್ದ ಕುರ್ಚಿಯ ಕೈ ಸವರಿ, ಎದುರು ನಿಂತೇ ಇದ್ದ ಕಂಡಕ್ಟರನ್ನು ನೋಡಿ ಹೇಳಿದರು. "ಮೇಷ್ಟ್ರೇ, ಇಲ್ಲಿಗೆ ಇನ್ನೊಂದು ಕುರ್ಚಿ ಹಾಕಿಸಿ. ಇವರದ್ದು ಇವರಿಗೇ ಇರಲಿ."